ಒಂದು ಪಂಪಿಗೆ ಹನ್ನೊಂದು ಪೈಸೆ

ನಮ್ಮವರು ತೀರಿಕೊಂಡ ಮೂರು ತಿಂಗಳಿಗೆ ಅದೇ ಕಾರ್ಖಾನೆಯಲ್ಲಿ ನನಗೆ ಕಾರಕೂನಿಕೆ ಕೊಟ್ಟರು. ರಾಮದುರ್ಗದ ತವರಿನಲ್ಲಿ ನಾನು ಎಸ್.ಎಸ್.ಎಲ್.ಸಿ. ಪಾಸಾಗಿದ್ದೆ, ಅಕ್ಷರ ದುಂಡಗಿದ್ದವು. ಅಷ್ಟೇ ನನ್ನ ಯೋಗ್ಯತೆ. ಮೊದಲ ವಾರ ಹಳೆಯ ಖರ್ಚಿನ ಕಾರ್ಡುಗಳನ್ನು ತಿಂಗಳ ಪ್ರಕಾರ ಜೋಡಿಸಲು ಹೇಳಿದರು. ಜೂನ್ ತಿಂಗಳ ಕಾರ್ಡಿನಲ್ಲಿ, ನನಗಿಂತ ಮೊದಲಿದ್ದ ಕಾರಕೂನನ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಂಡಿತು: ‘ತೇಜಾಬು ಕೋಣೆ, ಫ್ಯಾನ್ ನಿಲುಗಡೆ, ಪಂಪಿಗೆ ಹನ್ನೊಂದು ಪೈಸೆ ಇಳಿಕೆ.’ ಕೆಳಗೆ ಶಾಪಿನ ಸಾಹೇಬನ ಸಹಿ.

ಕಾರ್ಡನ್ನು ಜಾಗದಲ್ಲಿಟ್ಟು ನೀರು ಕುಡಿದು ಬಂದೆ. ಮತ್ತೆ ತೆಗೆದು ಓದಿದೆ. ನಮ್ಮವರು ಸತ್ತದ್ದು ಆ ಆಸಿಡ್ ಕೋಣೆಯ ಹೊಗೆಯಿಂದ. ಸಹಿ ಮಾಡಿದ ಆ ಮನುಷ್ಯನನ್ನು ಮುಖದ ಮುಂದೆ ನಾನು ಸಾಹೇಬ್ರು ಎಂದೇ ಕರೆದೆ, ನಮಸ್ಕಾರವನ್ನೂ ಮಾಡಿದೆ. ಬರೆಯುವಾಗ ‘ಆತ’ ಎಂದೇ ಬರೆಯುತ್ತೇನೆ. ಇಷ್ಟು ವರ್ಷಗಳಾದರೂ ನನ್ನ ಮನಸ್ಸಿನಲ್ಲಿ ಆತನಿಗೆ ಅದಕ್ಕಿಂತ ಎತ್ತರದ ಜಾಗ ಇಲ್ಲ.

ಕಾರ್ಖಾನೆ ಇದ್ದದ್ದು ಬೈಲಹೊಂಗಲದ ಹೊರಗೆ, ಬೆಳಗಾವಿ ರಸ್ತೆಯ ಪಕ್ಕ. ಹತ್ತಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಪಂಪುಗಳನ್ನು ಅಲ್ಲಿ ಮಾಡುತ್ತಿದ್ದರು. ಬೆನ್ನಿಗೆ ಕಟ್ಟಿಕೊಳ್ಳುವ ಹಿತ್ತಾಳೆಯ ಟ್ಯಾಂಕು, ಬಗಲಲ್ಲಿ ಕೈಹಿಡಿ, ತುದಿಯಲ್ಲಿ ಉದ್ದನೆಯ ನಳಿಗೆ. ಮುಖ್ಯ ಕಚೇರಿ ಪುಣೆಯಲ್ಲಿತ್ತು, ಅವರಿಗೆ ಜಪಾನಿನ ಒಂದು ಕಂಪನಿಯ ಸಂಗಡ ಒಪ್ಪಂದವಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಹೊಸ ನಮೂನೆಯ ಪಂಪು ಬಂತು. ಅದನ್ನು ಪೂರ್ತಿ ನಮ್ಮಲ್ಲಿಯೇ ತಯಾರಿಸತೊಡಗಿದರು. ನಮ್ಮವರು ಟ್ಯಾಂಕ್ ವಿಭಾಗದ ಮೇಸ್ತ್ರಿ. ಕಿತ್ತೂರ ಕಡೆಯವರು. ಮಾತು ಕಡಿಮೆ, ಆದರೆ ಊಟಕ್ಕೆ ಕುಳಿತಾಗ ಮಾತ್ರ ಕಾರ್ಖಾನೆಯ ಸುದ್ದಿ ಹೇಳುತ್ತಿದ್ದರು. ಹಾಗಾಗಿ ನಾನು ಒಳಗೆ ಕಾಲಿಡುವ ಮೊದಲೇ ಅಲ್ಲಿಯ ಅರ್ಧ ವ್ಯವಹಾರ ನನಗೆ ಗೊತ್ತಿತ್ತು.

ಹೊಸ ಪಂಪಿನ ಕೆಲಸ ಒಂದು ಹದಕ್ಕೆ ಬಂದ ಮೇಲೆ ಪುಣೆಯಿಂದ ಒಬ್ಬ ಅಧಿಕಾರಿ ಬಂದರು. ಜಪಾನಿನಲ್ಲಿ ಆರು ತಿಂಗಳು ಕಲಿತು ಬಂದವರು. ಶಾಪಿನ ನಡುವೆ ಕರಿ ಹಲಗೆ ನಿಲ್ಲಿಸಿ ಎಲ್ಲರನ್ನೂ ಕೂಡಿಸಿದರು. ಒಂದು ಪಂಪು ಮಾಡಲು ಈಗ ನಿಜವಾಗಿ ತೊಂಬತ್ತೆರಡು ರೂಪಾಯಿ ಬೀಳುತ್ತದೆ, ಅದೇ ಈ ವರ್ಷದ ಬುನಾದಿ ಎಂದರು. ಅದರಿಂದ ಮೂರೂವರೆ ರೂಪಾಯಿ ಇಳಿಸಬೇಕು. ವರ್ಷದ ಕೊನೆಗೆ ಎಷ್ಟಕ್ಕೆ ಇಳಿದಿರುತ್ತದೋ ಅದು ಮುಂದಿನ ವರ್ಷದ ಬುನಾದಿ. ಅಲ್ಲಿಂದ ಮತ್ತೆ ಇಳಿಸಬೇಕು. ದೊಡ್ಡ ಯಂತ್ರ ತಂದು ಅಲ್ಲ, ದಿನದ ಕೆಲಸದಲ್ಲಿಯೇ ಚಿಕ್ಕ ಚಿಕ್ಕ ಸುಧಾರಣೆ ಮಾಡಿ. ಅದಕ್ಕೆ ಅವರು ‘ಕೈಜೆನ್’ ಎಂಬ ಹೆಸರು ಹೇಳಿದರು. ಶಾಪಿನಲ್ಲಿ ಯಾರೂ ಆ ಹೆಸರು ಬಳಸಲಿಲ್ಲ. ‘ಇಳಿಕಿ’ ಎಂದರು, ಅದೇ ಉಳಿಯಿತು.

ಆ ದಿನ ತೇಜಾಬು ಕೋಣೆಯಲ್ಲಿ ಕೆಲಸ ಮಾಡುವವನು ಎದ್ದು ನಿಂತನಂತೆ. ಅವನು ಚಚಡಿ ಊರಿನವನು, ನಮ್ಮವರ ಗೆಳೆಯ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವನು.

“ಸಾಹೇಬ್ರ, ಹಿಂಗ ವರ್ಷಾ ವರ್ಷಾ ಇಳಿಸಕೋತ ಹೋದ್ರ ಕಡೀಕ ಪಂಪ್ ಪುಕ್ಕಟ ಆಗತೈತಿ. ಮ್ಯಾಲ ನಾವ ಗಿರಾಕಿಗೆ ರೊಕ್ಕಾ ಕೊಡಬೇಕಾಗತೈತಿ ನೋಡ್ರಿ.”

ಎಲ್ಲರೂ ನಕ್ಕರು. ಪುಣೆಯವರೂ ನಕ್ಕರು. ಅಷ್ಟು ದೂರ ಹೋಗುವುದಿಲ್ಲ, ಹೊಸ ನಮೂನೆ ಬಂದಾಗ ಹೊಸ ಲೆಕ್ಕ ಸುರುವಾಗುತ್ತದೆ ಎಂದರು. ಆಮೇಲೆ ನಗು ನಿಲ್ಲಿಸಿ ಎರಡು ಮಾತು ಹಲಗೆಯ ಮೇಲೆ ಬರೆದರು. ಪಂಪಿನ ಗುಣ ಕಡಿಮೆ ಮಾಡಿ ಇಳಿಸಿದ್ದು ಇಳಿಕೆಯಲ್ಲ. ಮನುಷ್ಯನ ಮೈಗೆ ಅಪಾಯ ಮಾಡಿ ಇಳಿಸಿದ್ದೂ ಇಳಿಕೆಯಲ್ಲ. ನಮ್ಮವರು ಅದನ್ನು ಮನೆಯಲ್ಲಿ ಎರಡು ಸಲ ಹೇಳಿದರು. ಒಳ್ಳೆಯ ಮನುಷ್ಯ ಬಂದಾನ ಎಂದರು.

ಮೊದಲ ವರ್ಷ ನಮ್ಮವರೇ ಟ್ಯಾಂಕು ಹಿಡಿದಿಡುವ ಒಂದು ಕಟ್ಟು ಮಾಡಿದರು. ಟ್ಯಾಂಕನ್ನು ಅದರಲ್ಲಿ ಇಟ್ಟು ಕೈಯಿಂದ ತಿರುಗಿಸಿದರೆ ತಳದ ಸುತ್ತ ಒಂದೇ ಸುತ್ತಿಗೆ ಬೆಸುಗೆ ಕೂಡುತ್ತಿತ್ತು. ಹಳೆಯ ರೀತಿಯಲ್ಲಿ ನಾಲ್ಕು ಸಲ ಹಿಡಿಯಬೇಕಿತ್ತು, ನಾಲ್ಕು ಕಡೆ ಬೆಸುಗೆ ಕರಗಿ ಸುಮ್ಮನೆ ಕೆಳಗೆ ಹನಿಯುತ್ತಿತ್ತು. ಒಂದು ಪಂಪಿಗೆ ಅರವತ್ತು ಪೈಸೆ ಅದೊಂದರಿಂದಲೇ ಇಳಿಯಿತು. ವರ್ಷದ ಗುರಿ ಮುಟ್ಟಿತು, ಎಂಬತ್ತೆಂಟೂವರೆಗೆ ಬಂತು. ಪುಣೆಗೆ ಹೋದ ಕಾಗದದಲ್ಲಿ ಕಟ್ಟು ಮಾಡಿದವನೆಂದು ಶಾಪಿನ ಸಾಹೇಬನ ಹೆಸರಿತ್ತು. ನಮ್ಮವರು, “ಹೋಗ್ಲಿ ಬಿಡ, ಕಟ್ಟಂತೂ ನಂದ ಐತಿ” ಎಂದು ರೊಟ್ಟಿ ಮುರಿದರು.

ಎರಡನೆಯ ವರ್ಷ ಗುರಿ ಮತ್ತೆ ಮೂರೂವರೆ ರೂಪಾಯಿ. ಸುಲಭವಾಗಿ ಕೈಗೆ ಸಿಗುವುದೆಲ್ಲ ಮೊದಲ ವರ್ಷವೇ ಸಿಕ್ಕಿತ್ತು. ಪ್ರತಿ ತಿಂಗಳು ಗುರಿ ಎಷ್ಟು, ಇಳಿದದ್ದು ಎಷ್ಟು ಎಂದು ಪುಣೆಗೆ ತೋರಿಸಬೇಕು. ಜೂನ್‌ನಲ್ಲಿ ಆತ ತೇಜಾಬು ಕೋಣೆಯ ಫ್ಯಾನ್ ನಿಲ್ಲಿಸಿದ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಿತ್ತಾಳೆಯ ತಗಡನ್ನು ಆ ಕೋಣೆಯಲ್ಲಿ ತೇಜಾಬಿನಲ್ಲಿ ಅದ್ದಿ ತೊಳೆಯುತ್ತಿದ್ದರು. ತಗಡು ಮುಳುಗುತ್ತಲೇ ಕಂದು ಬಣ್ಣದ ಹೊಗೆ ಏಳುತ್ತದೆ. ಅದನ್ನು ಹೊರಗೆ ಎಳೆಯಲು ಗೋಡೆಯಲ್ಲಿ ದೊಡ್ಡ ಫ್ಯಾನ್ ಇತ್ತು. ಅದರ ಕರೆಂಟು, ಪಟ್ಟಿ, ಬೇರಿಂಗು ಸೇರಿ ತಿಂಗಳಿಗೆ ನೂರು ರೂಪಾಯಿಯ ಹತ್ತಿರ. ತಿಂಗಳಿಗೆ ಒಂಬೈನೂರು ಪಂಪು. ಒಂದಕ್ಕೆ ಹನ್ನೊಂದು ಪೈಸೆ.

ನಮ್ಮವರು ಹೋಗಿ ಕೇಳಿದರು. “ಬಾಗಲಾ ತಗದ ಇಡ್ರಿ, ಗಾಳಿ ತಾನ ಬರತೈತಿ” ಎಂದನಂತೆ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಇರಚಲು ಒಳಗೆ ಬರುತ್ತದೆಂದು ಬಾಗಿಲು ಮುಚ್ಚಿದ್ದರು. ಅಂದು ಚಚಡಿಯವನು ರಜೆಯಲ್ಲಿದ್ದ. ಮಾಲು ನಿಲ್ಲಬಾರದೆಂದು ನಮ್ಮವರೇ ಒಳಗೆ ಹೋಗಿ ಎರಡು ತಾಸು ತಗಡು ಅದ್ದಿದರು. ಸಂಜೆ ಮನೆಗೆ ಬಂದಾಗ ಸ್ವಲ್ಪ ಕೆಮ್ಮು. ಚಹಾ ಕುಡಿದರು, ತಮ್ಮ ಅವ್ವನ ಕೂಡ ಮಾತಾಡಿದರು. ಬೆಳಿಗ್ಗೆ ಎದ್ದಾಗ ಉಸಿರು ಸಿಗಲಿಲ್ಲ. ಧಾರವಾಡದ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿಕೊಂಡಿದ್ದರು. ಬಾಯಿಂದ ನೊರೆ ಬರುತ್ತಿತ್ತು. ಸೆರಗಿನಿಂದ ಒರೆಸಿದೆ, ಮತ್ತೆ ಬಂತು. ದವಾಖಾನೆಯಲ್ಲಿ ಡಾಕ್ಟರು ಎಲ್ಲಿ ಕೆಲಸ ಎಂದು ಕೇಳಿದರು. ಅಂಥ ಹೊಗೆ ಕುಡಿದರೆ ಆ ಕ್ಷಣಕ್ಕೆ ಏನೂ ಅನ್ನಿಸುವುದಿಲ್ಲ, ಮರುದಿನ ಎದೆಯಲ್ಲಿ ನೀರು ತುಂಬುತ್ತದೆ ಎಂದರು. ಮಧ್ಯಾಹ್ನದ ಹೊತ್ತಿಗೆ ಮುಗಿದಿತ್ತು. ಅವರಿಗೆ ಮೂವತ್ತನಾಲ್ಕು ವರ್ಷ.

ಪರಿಹಾರದ ಅರ್ಜಿಗೆ ಕಾರ್ಖಾನೆಯಿಂದ ಉತ್ತರ ಹೋಯಿತು. ಮೃತರಿಗೆ ಮೊದಲಿನಿಂದ ದಮ್ಮಿನ ರೋಗವಿತ್ತು, ಹೊಗೆ ಎಳೆಯುವ ವ್ಯವಸ್ಥೆ ಸರಿಯಾಗಿ ನಡೆಯುತ್ತಿತ್ತು. ಬರೆದವನು ಆತ. ನಮ್ಮವರು ಸತ್ತ ಮೂರನೆಯ ದಿನವೇ ಫ್ಯಾನ್ ಮತ್ತೆ ತಿರುಗತೊಡಗಿತ್ತು. ತಪಾಸಣೆಗೆ ಬಂದ ಅಧಿಕಾರಿಗಳಿಗೆ ತಿರುಗುವ ಫ್ಯಾನೇ ಕಂಡಿತು. ಕಾರ್ಡಿನಲ್ಲಿ ಮಾತ್ರ ಅದು ತಿಂಗಳಿಂದ ತಿಂಗಳಿಗೆ ನಿಂತೇ ಇತ್ತು. ಹನ್ನೊಂದು ಪೈಸೆ ಬಿಟ್ಟುಕೊಡಲು ಆತನಿಗೆ ಮನಸ್ಸಿರಲಿಲ್ಲ.

ಕೆಲಸ ಕೊಟ್ಟು ನನ್ನ ಬಾಯಿ ಕಟ್ಟಿದೆ ಎಂದು ಆತ ತಿಳಿದಿದ್ದ. ಕಾರ್ಡು ನೋಡಿದ ದಿನ ನಾನು ಗಟ್ಟಿ ಮಾಡಿಕೊಂಡೆ. ಈತ ಬೀಳಬೇಕು. ಹೊಡೆದು ಅಲ್ಲ, ಬಯ್ದು ಅಲ್ಲ. ಯಾವ ಅಂಕಿಗಾಗಿ ನನ್ನ ಗಂಡನನ್ನು ಕೊಂದನೋ ಆ ಅಂಕಿಯಿಂದಲೇ ಬೀಳಬೇಕು. ಎದ್ದರೆ ಕುಂತರೆ ಅದೇ ಯೋಚನೆ. ಮನೆಯಲ್ಲಿ ಅತ್ತೆ ಅಳುತ್ತಿದ್ದಳು. ನನಗೆ ಅಳು ಬರುತ್ತಿರಲಿಲ್ಲ. ಕಾರ್ಡುಗಳನ್ನು ಕಲಿಯುತ್ತಿದ್ದೆ.

ಕಲಿಯುವುದು ಕಷ್ಟವಿರಲಿಲ್ಲ. ಪಂಪಿಗೆ ಹಿತ್ತಾಳೆ ಎಷ್ಟು ತೂಕ, ಬೆಸುಗೆ ಎಷ್ಟು, ಕೆಲಸ ಎಷ್ಟು ನಿಮಿಷ, ಕೆಟ್ಟುಹೋದದ್ದು ಎಷ್ಟು. ಪೇಟೆಯಲ್ಲಿ ಬೆಸುಗೆಯ ತವರ ತುಟ್ಟಿಯಾದರೆ ಅದರ ತಪ್ಪು ಶಾಪಿನ ಮೇಲೆ ಬರುತ್ತಿರಲಿಲ್ಲ, ದರವನ್ನು ಹಳೆಯ ವರ್ಷದ್ದೇ ಹಿಡಿಯುತ್ತಿದ್ದರು. ತೂಕ ಮತ್ತು ನಿಮಿಷ ಮಾತ್ರ ನಮ್ಮವು. ವರ್ಷದ ಕೊನೆಯ ಮೂರು ತಿಂಗಳಲ್ಲಿ ಪಂಪಿಗೆ ಬಿದ್ದ ಖರ್ಚು ಮುಂದಿನ ವರ್ಷದ ಬುನಾದಿ.

ಇನ್ನೊಂದು ಪದ್ಧತಿ ಇತ್ತು. ಕೆಲವು ಉಳಿತಾಯ ಒಂದೇ ಸಲದ್ದು, ಮುಂದಿನ ವರ್ಷ ಬರುವುದಿಲ್ಲ. ಅಂಥದರ ಸುತ್ತ ಕಾರಕೂನ ಕೆಂಪು ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಬೇಕು. ಪುಣೆಯಲ್ಲಿ ಬುನಾದಿ ಹಾಕುವಾಗ ಕೆಂಪು ಸುತ್ತಿನದನ್ನು ವಾಪಸ್ಸು ಕೂಡಿಸುತ್ತಾರೆ. ಇಲ್ಲದಿದ್ದರೆ ಇಲ್ಲದ ನೆಲದಿಂದ ಕೆಳಗೆ ಇಳಿ ಎಂದು ಹೇಳಿದಂತಾಗುತ್ತದೆ. ಸುತ್ತು ಹಾಕುವುದು ನನ್ನ ಕೆಲಸ, ನೋಡಿ ಸಹಿ ಮಾಡುವುದು ಆತನ ಕೆಲಸ.

ಜನವರಿಯಲ್ಲಿ ಗುರಿ ಎರಡು ರೂಪಾಯಿ ಹಿಂದೆ ಬಿದ್ದಿತ್ತು. ಶಾಪಿನ ಹಿಂದಿನ ಷೆಡ್ಡಿನಲ್ಲಿ ಹಳೆಯ ನಮೂನೆಯ ಕಾಲದ ಬೆಸುಗೆ ಕಡ್ಡಿಗಳ ರಾಶಿ ಬಿದ್ದಿತ್ತು. ಲೆಕ್ಕದಿಂದ ಯಾವಾಗಲೋ ತೆಗೆದು ಹಾಕಿದ ಮಾಲು. ಆತ ಅದನ್ನು ತೆಗೆಸಿ ಟ್ಯಾಂಕ್ ವಿಭಾಗಕ್ಕೆ ಕೊಟ್ಟ. ಸ್ಟೋರಿನ ಚೀಟಿ ಇಲ್ಲ, ಆದ್ದರಿಂದ ಕಾರ್ಡಿನಲ್ಲಿ ಬೆಸುಗೆಯ ತೂಕ ಅರ್ಧಕ್ಕೆ ಇಳಿಯಿತು. ಪಂಪಿಗೆ ಎರಡು ರೂಪಾಯಿ ನಾಲ್ಕು ಪೈಸೆ. ದಿನವೂ ಎಷ್ಟು ಕಡ್ಡಿ ಷೆಡ್ಡಿನಿಂದ ಬಂತೆಂದು ತೂಗಿ ನಾನೊಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಯಾರೂ ಬರೆಯಲು ಹೇಳಿರಲಿಲ್ಲ.

ಮಾರ್ಚ್ ಕೊನೆಗೆ ಕಾರ್ಡು ಮುಗಿಸಿದೆ. ಒಂದೇ ಸಲದ ಉಳಿತಾಯವೆಂದರೆ ಇದಕ್ಕಿಂತ ಬೇರೆ ಯಾವುದೂ ಇರಲು ಸಾಧ್ಯವಿಲ್ಲ, ರಾಶಿ ಮುಗಿದೇ ಹೋಗಿತ್ತು. ಕೆಂಪು ಪೆನ್ಸಿಲ್ಲು ನನ್ನ ಕೈಯಲ್ಲಿತ್ತು. ಸುತ್ತು ಎಳೆಯದೆ ಅದನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದೆ.

ಆತ ಅಂದು ಹೆಂಡತಿ ಮಕ್ಕಳೊಂದಿಗೆ ಸವದತ್ತಿಯ ದೇವಿಯ ಗುಡ್ಡಕ್ಕೆ ಹೋಗಿ, ಉಗರಗೋಳದಲ್ಲಿ ಊಟ ಮಾಡಿ ಬಂದಿದ್ದ. ಹಣೆಯ ತುಂಬ ಅರಿಶಿನದ ಭಂಡಾರ.

“ಏನ್ರಿ ಬಾಯಾರ, ಎಷ್ಟ ಇಳದೈತಿ?”

“ಎಂಬತ್ತನಾಕ ರೂಪಾಯಿ ಎಂಬತ್ತೈದ ಪೈಸಾಕ್ಕ ಬಂದೈತ್ರಿ. ಗುರಿಗಿಂತ ಹದಿನೈದ ಪೈಸಾ ಜಾಸ್ತಿ ಇಳದೈತ್ರಿ.”

“ಶಾಬ್ಬಾಸ್! ನೋಡ್ರಿ, ತಾಯಿ ಆಶೀರ್ವಾದ.” ಬೆರಳಿಗೆ ಹತ್ತಿದ್ದ ಭಂಡಾರ ಕಾರ್ಡಿಗೂ ಹತ್ತಿತು. ಸಹಿ ಮಾಡಿದ. ಒಂದು ಸಾಲನ್ನೂ ಓದಲಿಲ್ಲ. ಪುಣೆಯಲ್ಲಿ ದೊಡ್ಡ ಹುದ್ದೆ ಖಾಲಿಯಾಗುತ್ತಿತ್ತು, ಈ ಅಂಕಿ ತನ್ನನ್ನು ಅಲ್ಲಿಗೆ ಒಯ್ಯುತ್ತದೆಂದು ಆತ ಎಲ್ಲರ ಮುಂದೆ ಹೇಳಿಕೊಂಡಿದ್ದ.

ಆ ಹುದ್ದೆ ಬೇರೆಯವರಿಗೆ ಹೋಯಿತು. ಏಪ್ರಿಲ್‌ನಲ್ಲಿ ಪುಣೆಯಿಂದ ಹೊಸ ಗುರಿಯ ಕಾಗದ ಬಂತು. ಬುನಾದಿ ಎಂಬತ್ತನಾಲ್ಕು ಎಂಬತ್ತೈದು. ಅಲ್ಲಿಂದ ಮೂರು ರೂಪಾಯಿ ಇಳಿಸಬೇಕು. ನಿಜವಾದ ಖರ್ಚು ಎಂಬತ್ತೇಳು ರೂಪಾಯಿ ಎಂಬುದು ಆ ಕಟ್ಟಡದಲ್ಲಿ ನನಗೊಬ್ಬಳಿಗೇ ಸ್ಪಷ್ಟವಾಗಿ ಗೊತ್ತಿತ್ತು. ಹೊಸ ಬೆಸುಗೆ ಸ್ಟೋರಿನಿಂದ ಬರತೊಡಗಿತು, ಕಾರ್ಡಿನಲ್ಲಿ ತೂಕ ಏರಿತು. ಏಪ್ರಿಲ್ ಕಾರ್ಡು ಬುನಾದಿಗಿಂತ ಎರಡು ರೂಪಾಯಿ ಮೇಲೆ. ಮೇ ತಿಂಗಳೂ ಹಾಗೆಯೇ. ಇಳಿಯಬೇಕಾದದ್ದು ಏರಿದೆ ಏಕೆ ಎಂದು ಪುಣೆಯಿಂದ ಕಾಗದದ ಮೇಲೆ ಕಾಗದ. ಆತ ನನ್ನ ಮೇಜಿನ ಮುಂದೆ ನಿಂತು ಕಾರ್ಡು ತಿರುವಿ ಹಾಕುತ್ತಿದ್ದ.

“ಎಲ್ಲೆ ತಪ್ಪೇತಿ ನೋಡ್ರಿ ಬಾಯಾರ. ನಿಮ್ಮ ಲೆಕ್ಕಾನ ಬರೋಬ್ಬರಿ ಇಲ್ಲ.”

“ತೂಕಾ ನೋಡೇ ಬರದೇನ್ರಿ ಸಾಹೇಬ್ರ. ಇನ್ನೊಮ್ಮೆ ಕೂಡಿಸಲ್ರಿ?”

ಕೂಡಿಸಿ ಕೊಟ್ಟೆ. ಅದೇ ಬಂತು. ಆತನ ಕುತ್ತಿಗೆಯ ಮೇಲೆ ಬೆವರು ಇಳಿಯುವುದನ್ನು ನೋಡುತ್ತ ಕುಳಿತೆ. ಸುಳ್ಳು ಏಕೆ ಹೇಳಲಿ, ಆ ಎರಡು ತಿಂಗಳು ನನಗೆ ಅನ್ನ ರುಚಿಸಿತು.

ನಾನು ಯೋಚಿಸದೆ ಬಿಟ್ಟದ್ದು ಒಂದಿತ್ತು. ಗುರಿ ಶಾಪಿನ ಸಾಹೇಬನ ತಲೆಯ ಮೇಲೆ ಬಂದರೂ ಅದು ಅಲ್ಲಿಯೇ ನಿಲ್ಲುವುದಿಲ್ಲ. ಒಂದೊಂದು ವಿಭಾಗಕ್ಕೆ, ಒಂದೊಂದು ಕೆಲಸದ ಬೆಂಚಿಗೆ ಪೈಸೆ ಪೈಸೆಯಾಗಿ ಹಂಚಿ ಕೆಳಗೆ ಬರುತ್ತದೆ. ಬೆಸುಗೆಯವರಿಗೆ ನೀರು ಕುಡಿಯಲು ಏಳಲು ಬಿಡಲಿಲ್ಲ. ಕೈಗವಸು ಹರಿದರೆ ಹೊಸದು ಕೊಡಲಿಲ್ಲ. ಚಚಡಿಯವನು ಒಂದು ದಿನ ನನ್ನ ಮೇಜಿಗೆ ಬಂದು, “ವೈನಿ, ಈ ವರ್ಷ ಇಳಿಕಿ ನಮ್ಮ ಚರ್ಮಾ ಸುಲದ ತಗೀತೈತಿ ಅನಸತೈತಿ. ಚರ್ಮದ್ದ ದರಾ ಎಷ್ಟ ಹಾಕೀರಿ ಕಾರ್ಡಿನ್ಯಾಗ?” ಎಂದು ನಕ್ಕ. ನಾನೂ ನಕ್ಕೆ.

ಜೂನ್ ಎರಡನೆಯ ವಾರ ಸೋಮವಾರ ಆತ ಹಿಂದಿನ ವರ್ಷದ ಕಾರ್ಡುಗಳನ್ನು ತರಿಸಿ ನೋಡಿದ. ಮೇಲೆ ಎದ್ದು ತೇಜಾಬು ಕೋಣೆಗೆ ಹೋದ. ಅಲ್ಲಿ ಆಡಿದ ಮಾತು ಆಮೇಲೆ ಚಚಡಿಯವನು ನನಗೆ ಹೇಳಿದ:

“ಕಾರ್ಡಿನ್ಯಾಗ ಈ ಫ್ಯಾನ್ ನಿಂತೈತಿ ಅಂತ ಐತಿ. ನೀವ ಯಾರನ್ನ ಕೇಳಿ ಚಾಲೂ ಇಟ್ಟೀರಿ?”

ಫ್ಯಾನ್ ನಿಂತಿತು. ಹಿಂದಿನ ವರ್ಷದ ಸುಳ್ಳನ್ನು ಖರೆ ಮಾಡಲು ನಿಲ್ಲಿಸಿದ.

ನಾನು ಅಂದೇ ಎದ್ದು ಹೋಗಿ ಫ್ಯಾನ್ ಹಚ್ಚಬಹುದಿತ್ತು. ಹೋಗಲಿಲ್ಲ. ಪುಣೆಯ ಅಧಿಕಾರಿ ಪರೀಕ್ಷೆಗೆ ಬರುವುದು ಇನ್ನು ಹತ್ತು ದಿನಕ್ಕೆ ಇತ್ತು. ಹತ್ತು ದಿನ ಸುಮ್ಮನಿದ್ದರೆ ಆತ ಪೂರ್ತಿ ಮುಳುಗುತ್ತಾನೆ. ಬಾಗಿಲು ತೆರೆದಿದೆ, ಮಳೆ ಇನ್ನೂ ಬಂದಿಲ್ಲ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಂಗಳವಾರ ಹೇಳಿಕೊಂಡೆ, ಬುಧವಾರ ಹೇಳಿಕೊಂಡೆ. ಐದು ದಿನ. ಬೇರೆ ಯಾವುದಕ್ಕೂ ನಾನು ಪಶ್ಚಾತ್ತಾಪ ಪಡುವುದಿಲ್ಲ, ಆ ಐದು ದಿನಗಳಿಗೆ ಪಡುತ್ತೇನೆ.

ಶನಿವಾರ ಮಧ್ಯಾಹ್ನ ಮೋಡ ಕವಿದು ನಾಲ್ಕು ಹನಿ ಬಿದ್ದವು. ಯಾರೋ ತೇಜಾಬು ಕೋಣೆಯ ಬಾಗಿಲು ಎಳೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೆಮ್ಮು. ನಾನು ಆ ಕೆಮ್ಮನ್ನು ಬಲ್ಲೆ. ಕುರ್ಚಿ ಬಿದ್ದದ್ದು ಕೂಡ ಗೊತ್ತಾಗಲಿಲ್ಲ, ಓಡಿದೆ. ಬಾಗಿಲು ತೆಗೆದು ಗೋಡೆಯ ಗುಂಡಿ ಒತ್ತಿದೆ. ಫ್ಯಾನ್ ಕಿರ್ರ್ ಎಂದು ಸುರುವಾಯಿತು.

“ಹೊರಗ ಬಾ.”

“ಇನ್ನ ಎಂಟ ತಗಡ ಅದಾವ ವೈನಿ.”

“ಬಾ ಅಂದ್ರ ಬಾರೋ ತಮ್ಮಾ! ಆ ತಗಡ ಸುಡಗಾಡಕ್ಕ ಹೋಗಲಿ.”

ಜೀವನದಲ್ಲಿ ಮೊದಲ ಸಲ ನಾನು ಶಾಪಿನೊಳಗೆ ದನಿ ಎತ್ತಿದ್ದು. ಎಲ್ಲರೂ ಕೆಲಸ ಬಿಟ್ಟು ನೋಡಿದರು. ಅವನನ್ನು ಬೇವಿನ ಗಿಡದ ಕೆಳಗೆ ಕೂಡಿಸಿ, ಇಬ್ಬರನ್ನು ಜೊತೆ ಮಾಡಿ, ಕೂಡಲೇ ಧಾರವಾಡದ ದವಾಖಾನೆಗೆ ಒಯ್ಯಲು ಹೇಳಿದೆ. ಈಗ ಚಲೋ ಅದೇನಿ ಅಂತಾನ, ಆದ್ರೂ ಅಲ್ಲೇ ಇಟ್ಟಕೋಬೇಕು, ನಾಳೆ ಅಂದ್ರ ತಡಾ ಆಗತೈತಿ ಎಂದು ಡಾಕ್ಟರಿಗೆ ಹೇಳಬೇಕಾದ ಮಾತನ್ನೂ ಕಲಿಸಿ ಕಳಿಸಿದೆ.

ಆತ ತನ್ನ ಕೋಣೆಗೆ ನನ್ನನ್ನು ಕರೆಸಿದ.

“ಯಾರ ಹುಕುಮ್‌ಲೆ ಫ್ಯಾನ್ ಹಚ್ಚಿದ್ರಿ? ಗುರಿ ಯಾರ ಮುಟ್ಟಸವ್ರು? ನೀವ?”

“ಆ ಗುರಿ ಯಾರೂ ಮುಟ್ಟಸಾಕ ಆಗೂದಿಲ್ರಿ. ಬುನಾದಿನ ಸುಳ್ಳ ಐತ್ರಿ.”

ಆತ ಕುರ್ಚಿ ಮುಂದೆ ಎಳೆದುಕೊಂಡ. ನಾನು ಹೇಳಿದೆ. ಷೆಡ್ಡಿನ ಕಡ್ಡಿ, ಎರಡು ರೂಪಾಯಿ ನಾಲ್ಕು ಪೈಸೆ, ಹಾಕದೆ ಬಿಟ್ಟ ಕೆಂಪು ಸುತ್ತು.

“ಮರತ್ರೇನ?”

“ಇಲ್ರಿ. ಗೊತ್ತಿದ್ದ ಬಿಟ್ಟೇನಿ. ನೀವ ಸಹಿ ಮಾಡಿದ್ರಿ.”

ಆಮೇಲೆ ಆತ ಲೆಕ್ಕ ಹಾಕಿದ. ಲೆಕ್ಕ ಹಾಕುವುದು ನನಗೆ ಕಂಡಿತು. ಆ ಎರಡು ರೂಪಾಯಿ ವಾಪಸ್ಸು ಕೂಡಿಸಿದರೆ ಬುನಾದಿ ಮೇಲೆ ಬರುತ್ತದೆ, ತಾನು ಉಳಿಯುತ್ತೇನೆ. ಆದರೆ ಪುಣೆಯವರು ಬಾಯಿಮಾತಿಗೆ ಬುನಾದಿ ತಿದ್ದುವುದಿಲ್ಲ. ತೂಕದ ಸಾಕ್ಷಿ ಬೇಕು. ಸ್ಟೋರಿನ ಚೀಟಿ ಇಲ್ಲ. ಯಾವ ದಿನ ಎಷ್ಟು ಕಡ್ಡಿ ಬಂತೆಂದು ಬರೆದದ್ದು ನನ್ನ ನೋಟುಬುಕ್ಕಿನಲ್ಲಿ ಮಾತ್ರ ಇತ್ತು. ಅದನ್ನೂ ಹೇಳಿದೆ.

“ತರ್ರಿ ಇಲ್ಲೆ.” ಆಮೇಲೆ ದನಿ ಇಳಿಸಿ, “ಕೊಡ್ರಿ ಬಾಯಾರ. ಆದದ್ದ ಆತು. ನಾ ಯಾರ ಮುಂದೂ ನಿಮ್ಮ ಹೆಸರ ಹೇಳೂದಿಲ್ಲ.”

“ಕೊಡತೇನ್ರಿ. ತಿದ್ದಪಡಿ ಕಾಗದದಾಗ ಎರಡೂ ತಿದ್ರಿ. ಕಡ್ಡೀದೂ ತಿದ್ರಿ, ಫ್ಯಾನಿಂದೂ ತಿದ್ರಿ.”

“ಫ್ಯಾನಿಂದ ಹನ್ನೊಂದ ಪೈಸಾ. ಅದರಿಂದ ಏನ ಆಗತೈತಿ?”

“ನಿಮ್ಮ ಕೈಲೆ ಬರೀರಿ ಸಾಹೇಬ್ರ. ಯಾವ ತಾರೀಖಿನಿಂದ ಯಾವ ತಾರೀಖಿನತನಕ ನಿಂತಿತ್ತು, ಯಾರ ಹೇಳಿ ನಿಲ್ಲಿಸಿದ್ರು, ಎಲ್ಲಾ ಬರೀರಿ.”

ಬುನಾದಿ ತಿದ್ದುವ ಕಾಗದದ ನಮೂನೆಯೇ ಹಾಗಿತ್ತು. ವಾಪಸ್ಸು ಕೂಡಿಸುವ ಪ್ರತಿಯೊಂದು ಪೈಸೆಗೂ ಕಾರಣ, ತಾರೀಖು, ಆದೇಶ ಕೊಟ್ಟವರ ಹೆಸರು ಬೇಕು. ನಾನು ಹೆಚ್ಚಿನದೇನನ್ನೂ ಕೇಳಲಿಲ್ಲ, ಕಾರ್ಖಾನೆಯ ನಿಯಮವನ್ನೇ ಕೇಳಿದೆ. ಆತ ಪೆನ್ನಿನ ಟೋಪಿ ತೆಗೆದು ಮತ್ತೆ ಹಾಕಿದ. ನನಗೆ ಕೂರಲು ಹೇಳಲಿಲ್ಲ, ನಾನು ನಿಂತೇ ಇದ್ದೆ. ಒಮ್ಮೆ ಬಯ್ದ. ಒಮ್ಮೆ ನಿಮ್ಮ ಕೆಲಸ ಕಳೆಯುತ್ತೇನೆ ಎಂದ. ಒಮ್ಮೆ, ನಿಮ್ಮ ಮನಿಯವರು ನನಗ ತಮ್ಮ ಇದ್ದಂಗ ಇದ್ರು ಎಂದ. ಆ ಮಾತಿಗೆ ನಾನು ನೋಟುಬುಕ್ಕನ್ನು ಎದೆಗೆ ಹಿಡಿದುಕೊಂಡು ಬಾಗಿಲ ಕಡೆ ತಿರುಗಿದೆ.

“ನಿಂದರ್ರಿ” ಎಂದ.

ಬರೆದ. ಜೂನ್ ಒಂದರಿಂದ ಆಗಸ್ಟಿನವರೆಗೆ ತೇಜಾಬು ಕೋಣೆಯ ಫ್ಯಾನ್ ನನ್ನ ಆದೇಶದ ಮೇಲೆ ನಿಂತಿತ್ತು, ಮೇಸ್ತ್ರಿಯ ಮರಣದ ನಂತರ ಚಾಲೂ ಮಾಡಲಾಯಿತು, ಇಳಿಕೆ ಎಂದು ತೋರಿಸಿದ್ದು ಸರಿಯಲ್ಲ, ಬುನಾದಿಗೆ ವಾಪಸ್ಸು ಕೂಡಿಸಬೇಕು. ‘ಮೇಸ್ತ್ರಿಯ ಮರಣದ ನಂತರ’ ಎಂಬುದನ್ನು ಬರೆಯುವಾಗ ಪೆನ್ನು ನಿಂತಿತು. ನಾನು ತಾರೀಖು ಹೇಳಿದೆ. ಆ ತಾರೀಖು ಆತನಿಗೆ ನೆನಪಿರಲಿಲ್ಲ.

ಸಹಿಯಾದ ಮೇಲೆ ನೋಟುಬುಕ್ಕು ಕೊಟ್ಟೆ. ಕಾಗದದ ಎರಡು ಪ್ರತಿಗಳಿಗೆ ಕಾರ್ಬನ್ ಇಟ್ಟವಳು ನಾನೇ. ಒಂದು ಪ್ರತಿ ಫೈಲಿಗೆ ಹೋಯಿತು, ಇನ್ನೊಂದು ನನ್ನ ಸೆರಗಿನೊಳಗೆ.

ಚಚಡಿಯವನನ್ನು ದವಾಖಾನೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಬದುಕಿದ. ಮರುದಿನ ಉಸಿರು ಕಟ್ಟಿದಾಗ ಪಕ್ಕದಲ್ಲಿಯೇ ಡಾಕ್ಟರು ಇದ್ದರು. ಆದರೆ ಆಮೇಲೆ ಅವನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಆ ಐದು ದಿನಗಳ ಸುದ್ದಿಯನ್ನು ನಾನು ಅವನಿಗೆ ಹೇಳಿದೆ. “ನೀವ ಹಂಗ ಮಾಡಬಾರದಿತ್ತ ವೈನಿ” ಎಂದ. ಅಷ್ಟೇ ಅಂದ. ಆಮೇಲೆಯೂ ಮನೆಗೆ ಬರುತ್ತಿದ್ದ, ಆದರೆ ನಗಿಸುತ್ತಿರಲಿಲ್ಲ.

ಪುಣೆಯ ಅಧಿಕಾರಿ ಬಂದು ಎಲ್ಲ ಕಾರ್ಡುಗಳನ್ನು ಮೇಜಿನ ಮೇಲೆ ಹರವಿಕೊಂಡು ಓದಿದರು. ಬುನಾದಿ ಎಂಬತ್ತೇಳು ರೂಪಾಯಿಗೆ ಬಂತು, ಗುರಿ ಎಂಬತ್ತನಾಲ್ಕಾಯಿತು. ಅದು ಕೈಗೆ ಎಟುಕುವ ಗುರಿ. ಕೆಂಪು ಸುತ್ತು ಹಾಕದವರು ಯಾರು ಎಂದು ಕೇಳಿದರು. ಆತ ಬಾಯಿ ತೆರೆಯುವ ಮೊದಲೇ ನಾನು ಎಂದೆ. ಗೊತ್ತಿದ್ದೇ ಬಿಟ್ಟೆ ಎಂದೆ. ಏಕೆ ಎಂದು ಅವರು ಕೇಳಲಿಲ್ಲ, ಫ್ಯಾನಿನ ಕಾಗದ ಅವರ ಕೈಯಲ್ಲಿಯೇ ಇತ್ತು. ಅದನ್ನು ಎರಡು ಸಲ ಓದಿ ಆತನ ಕಡೆ ತಿರುಗಿ, ಮೊದಲ ದಿನ ಹಲಗೆಯ ಮೇಲೆ ನಾನು ಏನು ಬರೆದಿದ್ದೆ, ಹೇಳಿ ಎಂದರು. ಆತ ಹೇಳಲಿಲ್ಲ. ಇಡೀ ಶಾಪು ಕೆಲಸ ನಿಲ್ಲಿಸಿತ್ತು. ಆ ಮೌನ ನನಗೆ ಇಂದಿಗೂ ಬೇಕು.

ತಿಂಗಳೊಳಗೆ ಆತನನ್ನು ಕೆಲಸದಿಂದ ತೆಗೆದರು. ಸುಳ್ಳು ಕಾರ್ಡು ಬರೆದವಳಿಗೆ ಕಾರ್ಡಿನ ಕೆಲಸ ಕೊಡಲಾಗದು ಎಂದು ನನ್ನನ್ನು ಪ್ಯಾಕಿಂಗಿಗೆ ಹಾಕಿದರು. ಅದು ನ್ಯಾಯವೇ. ಬೆಳಗಾವಿಯಲ್ಲಿ ಪರಿಹಾರದ ಅಧಿಕಾರಿಯ ಮುಂದೆ ಕಾರ್ಬನ್ ಪ್ರತಿ ಇಟ್ಟೆ. ದಮ್ಮಿನ ರೋಗದ ಮಾತು ಅಲ್ಲಿ ನಿಲ್ಲಲಿಲ್ಲ. ಬಂದ ಹಣವನ್ನು ಅತ್ತೆಯ ಕೈಗೆ ಕೊಟ್ಟೆ. ಎಣಿಸಲಿಲ್ಲ.

ಊರು ಬಿಡುವ ಮೊದಲು ಆತ ನಮ್ಮ ಮನೆಗೆ ಬಂದ. ಬಿಸಿಲು ಏರಿದ ಹೊತ್ತು, ಬಸ್‌ಸ್ಟ್ಯಾಂಡಿನಿಂದ ನಡೆದು ಬಂದಿದ್ದ. ನಾನು ಹೊಸ್ತಿಲ ಒಳಗೆ ನಿಂತೆ.

“ಬಾಯಾರ, ನನಗ ಮೂರ ಮಕ್ಕಳ ಅದಾವು.”

“ಗೊತ್ತೈತ್ರಿ.”

“ನಾ ಬೇಕಂತ ಮಾಡಿದ್ದಲ್ಲ. ಮ್ಯಾಲಿನವ್ರು ಕೇಳತಿದ್ರು, ನಾ ಇಳಿಸಿದ್ನಿ. ಇಷ್ಟ.”

ಆತ ಹೊಸ್ತಿಲ ಹೊರಗೆ ನಿಂತೇ ಇದ್ದ. ತುಟಿ ಒಣಗಿದ್ದವು. ನಮ್ಮ ಕಡೆ ಬಾಗಿಲಿಗೆ ಬಂದವರು ಯಾರೇ ಇರಲಿ, ಬರ್ರಿ ಕುಂದರ್ರಿ ಎನ್ನುತ್ತೇವೆ, ಕೇಳದೆಯೇ ತಂಬಿಗೆಯಲ್ಲಿ ನೀರು ತಂದಿಡುತ್ತೇವೆ. ಒಳಗಿನಿಂದ ಅತ್ತೆ, “ಯಾರ ಬಂದಾರವಾ? ನೀರ ಕೊಟ್ಟೇನ?” ಎಂದು ಕೂಗಿದಳು. ಮಗನನ್ನು ಕಳೆದುಕೊಂಡವಳು, ಬಂದವರು ಯಾರೆಂದು ತಿಳಿಯದೆ ಕೇಳಿದಳು.

“ಯಾರೂ ಇಲ್ಲ ಅತ್ತಿ” ಎಂದೆ, ಆತನ ಮುಖವನ್ನೇ ನೋಡುತ್ತ.

ಆತ ಮೆಟ್ಟಿಲು ಇಳಿದು ಹೋದ. ಓಣಿಯ ತಿರುವಿನಲ್ಲಿ ಒಮ್ಮೆ ಗೋಡೆಗೆ ಕೈಕೊಟ್ಟು ನಿಂತ, ಆಮೇಲೆ ಮರೆಯಾದ. ಬಾಗಿಲು ಮುಚ್ಚಿ ಅಡಿಗೆಮನೆಗೆ ಹೋದೆ. ಕೊಡದಿಂದ ಒಂದು ತಂಬಿಗೆ ನೀರು ತೆಗೆದು ನಾನೇ ಪೂರ್ತಿ ಕುಡಿದೆ. ನಮ್ಮವರು ಸತ್ತ ಮೇಲೆ ಬಾರದಿದ್ದ ಅಳು ಅಂದು ಬಂತು.